ದಿನಕ್ಕೆ 30 ರೂಪಾಯಿ: ಪುಸ್ತಕ ಬರೆಯುವವಳ ಅನುಭವ

ನಮ್ಮ ಮಾರ್ಕೆಟ್ ಬೀದಿಯಲ್ಲಿ ಹೂವು, ಸೊಪ್ಪು ಮಾರುವ ಹೆಂಗಸರು ದಿನಕ್ಕಿಷ್ಟು ಉಳಿಸಬೇಕೆಂದು ಪಂಥ ಕಟ್ಟಿಕೊಂಡಿದ್ದಾರೆ. ದುಡ್ಡು ಅವರವರ ಡಬ್ಬಿಯಲ್ಲಿ, ಲೆಕ್ಕ ನನ್ನ ಪುಸ್ತಕದಲ್ಲಿ, ನೆನಪಿಸಲು ದಿನಕ್ಕೊಂದು ಅಲಾರಂ.

1. ಮೊತ್ತವನ್ನು ಕೆಟ್ಟ ದಿನ ನೋಡಿ ಗೊತ್ತುಮಾಡಬೇಕು. ಶ್ರಾವಣದಲ್ಲಿ ವ್ಯಾಪಾರ ಏರಿದಾಗ "ದಿನಾ ನೂರು ಹಾಕ್ತೀನಿ ಬಿಡಕ್ಕ" ಅನ್ನುವವರು ಪಿತೃಪಕ್ಷದಲ್ಲಿ ಮುಖ ತಪ್ಪಿಸುತ್ತಾರೆ. ಹೂವು ಬಾಡಿ ಉಳಿದ ದಿನವೂ ಹಾಕಲು ಆಗುವುದೆಷ್ಟು ಎಂದು ಕೇಳಿದಾಗ ಬಂದ ಉತ್ತರ 30.

2. ಅಲಾರಂ ಕೂಗುವಾಗ ಕೈಯಲ್ಲಿ ದುಡ್ಡಿರಬೇಕು. ಬೆಳಿಗ್ಗೆ ಇಟ್ಟರೆ ಸರಕಿನ ಚಿಂತೆ; ರಾತ್ರಿ ಇಟ್ಟರೆ ಅಷ್ಟರಲ್ಲಿ ದಿನಸಿ ಅಂಗಡಿಗೆ ಹೋಗಿಬಂದಿರುತ್ತಾರೆ. ಬುಟ್ಟಿ ಎತ್ತುವ ಹೊತ್ತೇ ಸರಿ. ಅಲಾರಂ ಇಲ್ಲದೆಯೂ ದಿನದ ಉಳಿತಾಯ ನಡೆದದ್ದುಂಟು: 1928ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಕಟ್ಟಬಹುದಿತ್ತು. ಏಜೆಂಟ್ ಬಾಗಿಲಿಗೇ ಬರುತ್ತಿದ್ದುದರಿಂದ ಬೇರೆ ನೆನಪೋಲೆ ಬೇಕಿರಲಿಲ್ಲ. ಅಲಾರಂ ಅಷ್ಟು ಗಟ್ಟಿಗನಲ್ಲ, ಒಂದು ಬೆರಳಿಗೆ ಬಾಯಿ ಮುಚ್ಚುತ್ತದೆ. ಅದಕ್ಕೇ ನಮ್ಮಲ್ಲಿ ದುಡ್ಡು ಹಾಕಿದ ಮೇಲಷ್ಟೇ ಅದನ್ನು ನಿಲ್ಲಿಸುವ ಕಟ್ಟಳೆ.

3. ಮೊತ್ತದ ಸಾಲು ಒಂದಲ್ಲ, ಎರಡು ಬೇಕು. ಒಂದರಲ್ಲಿ ಇರಬೇಕಾದದ್ದು, ಇನ್ನೊಂದರಲ್ಲಿ ಎಣಿಸಿದಾಗ ಸಿಕ್ಕಿದ್ದು. 20ನೇ ದಿನಕ್ಕೆ 600 ಇರಬೇಕು. 540 ಇದ್ದರೆ ಎರಡು ದಿನ ತಪ್ಪಿದೆ ಎಂದು ಊಹಿಸಬಹುದು. 555 ಇದ್ದರೆ ಮಾತೇ ಬೇರೆ: 45 ಎಂಬುದು 30ರ ಲೆಕ್ಕಕ್ಕೆ ಕೂರುವುದಿಲ್ಲ, ಅಂದರೆ ಯಾರೋ ಡಬ್ಬಿಗೆ ಕೈ ಹಾಕಿದ್ದಾರೆ, ಇಲ್ಲವೇ ಅರ್ಧ ಹಾಕಿ ಪೂರ್ತಿ ಬರೆಸಿದ್ದಾರೆ. ಪ್ರತಿದಿನ ಒಂದೇ ಮೊತ್ತ ಇರುವುದರ ಲಾಭ ಇದೇ. ವಾರಕ್ಕೊಮ್ಮೆ ಎಣಿಸದಿದ್ದರೆ ಮಾತ್ರ ಪುಸ್ತಕದ ಮೊತ್ತ ಬರೀ ಬಾಯಿಮಾತು. ತಪ್ಪಿದ ದಿನಕ್ಕೆ ಮರುದಿನ 60 ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಮೂರು ದಿನ ತಪ್ಪಿದವಳಿಗೆ 120 ಕೇಳಿದರೆ ಅವಳು ಪಂಥವನ್ನೇ ಬಿಡುತ್ತಾಳೆ. ಗುರಿಯನ್ನು ಮೂರು ದಿನ ಮುಂದೆ ತಳ್ಳಿದರಾಯಿತು.

4. ಮೊದಲ ಗುರಿ ಸಾಲ ನಿಲ್ಲಿಸುವುದಾಗಿರಲಿ. ಹೂವಿನವಳೊಬ್ಬಳು ಬೆಳಿಗ್ಗೆ 900 ಪಡೆದು ಸಂಜೆ 1000 ತೀರಿಸುತ್ತಿದ್ದಳು. ದಿನದ ಬಡ್ಡಿ 100! ಅಷ್ಟು ಬಡ್ಡಿಯ ಮುಂದೆ ಬ್ಯಾಂಕಿನ ಯಾವ ಬಡ್ಡಿಯೂ ಲೆಕ್ಕಕ್ಕಿಲ್ಲ. ಅವಳ ಡಬ್ಬಿಯಲ್ಲಿ 900 ತುಂಬಲು 30 ದಿನ ಸಾಕಾಗಿತ್ತು, ನಡುವೆ ಮೂರು ದಿನ ತಪ್ಪಿದ್ದರಿಂದ 33ನೇ ದಿನ ತುಂಬಿತು. ಮರುದಿನ ಸರಕಿಗೆ ಅವಳದೇ ದುಡ್ಡು. ಆದರೆ ಆ 900 ಈಗ ಬಂಡವಾಳ. ಸಂಜೆ ಗಲ್ಲ ಬಿಚ್ಚಿದೊಡನೆ ಮೊದಲು ಅದನ್ನು ಎತ್ತಿಟ್ಟು, ಮಿಕ್ಕಿದ್ದರಲ್ಲಿ 30 ತೆಗೆಯಬೇಕು. ಈ ಕ್ರಮ ತಿರುಗುಮುರುಗಾದರೆ ಬಂಡವಾಳ ಕರಗುತ್ತಿದ್ದರೂ ಪುಸ್ತಕದ ಮೊತ್ತ ಏರುತ್ತಲೇ ಇರುತ್ತದೆ. ಹಾಗಾಗಿ ಅವಳ ಹಾಳೆಯಲ್ಲಿ ಬಂಡವಾಳಕ್ಕೆಂದು ಮೂರನೆಯ ಸಾಲು ಎಳೆದಿದ್ದೇನೆ.