ಎಕ್ಸ್‌ಪೋ ಆನ್ ಮಾಡಿದ್ದೇ ತಡ, ಪರದೆ ಕಪ್ಪು

ಪ್ರಶ್ನೆ: ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ವಿಡಿಯೊ ಸ್ಟುಡಿಯೊ ಇದೆ. ಹಂಪಿಯಲ್ಲಿ ಮದುವೆ ಜೋಡಿಗಳ ಶೂಟಿಂಗೇ ಹೆಚ್ಚು. ಕಂಪ್ಯೂಟರ್ ರೈಜನ್ 7600. ಡಿಡಿಆರ್5 6000ರ 16 ಜಿಬಿ ರ‍್ಯಾಮ್ ಎರಡಿದ್ದವು. ಮೊನ್ನೆ ಅಂಥವೇ ಇನ್ನೆರಡು ಹಾಕಿ, ಬಯೋಸ್‌ನಲ್ಲಿ EXPO ಆನ್ ಮಾಡಿದೆ. ಈಗ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಬೋರ್ಡಿನಲ್ಲಿ DRAM ಎಂಬ ದೀಪ ಆರುತ್ತಲೇ ಇಲ್ಲ. ಎರಡೆರಡು ನಿಮಿಷಕ್ಕೆ ಆಫ್ ಮಾಡಿ ಆನ್ ಮಾಡುತ್ತಿದ್ದೇನೆ. ಬೋರ್ಡ್ ಸುಟ್ಟಿತೇ?

ಉತ್ತರ: ಸುಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಮೊದಲು ಆ ಆಫ್-ಆನ್ ನಿಲ್ಲಿಸಿ. ರ‍್ಯಾಮ್‌ನ ವೇಗ ಬದಲಿಸಿದಾಗಲೆಲ್ಲ ಬೋರ್ಡ್ ಪ್ರತಿ ರ‍್ಯಾಮ್ ಜೊತೆ ಸಮಯ ಹೊಂದಿಸಿ ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಡಿಡಿಆರ್5ನಲ್ಲಿ, ಅದೂ ನಾಲ್ಕು ರ‍್ಯಾಮ್ ಇದ್ದರೆ, ಹಲವು ನಿಮಿಷ ಹಿಡಿಯುತ್ತದೆ. ಆಗ ಪರದೆ ಕಪ್ಪಾಗಿಯೇ ಇರುತ್ತದೆ. ನೀವು ಪ್ರತಿ ಸಲ ಅದನ್ನು ನಡುವೆಯೇ ಕಡಿದು ಮೊದಲಿಂದ ಶುರು ಮಾಡಿಸುತ್ತಿದ್ದೀರಿ. ಯುಪಿಎಸ್‌ಗೆ ಹಾಕಿ, ಹದಿನೈದು ನಿಮಿಷ ಮುಟ್ಟದೆ ಬಿಡಿ.

ಆಗಲೂ ಬಾರದಿದ್ದರೆ ಬಯೋಸ್ ಸೆಟ್ಟಿಂಗ್ ಅಳಿಸಬೇಕು. ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಒಳಗುಳಿದ ಕರೆಂಟ್ ಹೋಗಲಿ. ಬೋರ್ಡಿನ ಪುಸ್ತಕದಲ್ಲಿ CLR_CMOS ಅಥವಾ JBAT1 ಎಂದಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಪಿನ್ ಕಾಣದಿದ್ದರೆ ನಾಣ್ಯದಾಕಾರದ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೂ ಆದೀತು. ನಂತರ ಒಂದೇ ರ‍್ಯಾಮ್ ಅನ್ನು A2ರಲ್ಲಿ, ಅಂದರೆ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟ್‌ನಲ್ಲಿ ಕೂರಿಸಿ ಆನ್ ಮಾಡಿ. ಈಗಲೂ ಮೊದಲ ಸಲ ತಡವಾಗುತ್ತದೆ. ಹೀಗೆ ಅಳಿಸಿದ ಮೇಲೆ ವಿಂಡೋಸ್ ಬಿಟ್‌ಲಾಕರ್ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದನ್ನು ಹುಡುಕಿಟ್ಟುಕೊಂಡಿರಿ.

ಕಂಪ್ಯೂಟರ್ ಎದ್ದ ಮೇಲೆ ನಿಜವಾದ ಮಾತಿಗೆ ಬರೋಣ. ಡಬ್ಬಿಯ ಮೇಲಿನ 6000 ಎಂಬುದು ರ‍್ಯಾಮ್ ತಯಾರಕರು ಎರಡರ ಜೋಡಿಗೆ ಪರೀಕ್ಷಿಸಿ ಕೊಟ್ಟ ಭರವಸೆ. ನಿಮ್ಮ ಪ್ರೊಸೆಸರ್‌ಗೆ ಎಎಂಡಿ ಒಪ್ಪಿರುವುದು ಎರಡು ರ‍್ಯಾಮ್ ಇದ್ದಾಗ 5200, ನಾಲ್ಕಿದ್ದಾಗ ಬರೀ 3600. ಅದರಾಚೆ ಎಲ್ಲವೂ ಓವರ್‌ಕ್ಲಾಕಿಂಗೇ. ಎರಡು ಬೇರೆ ಪ್ಯಾಕೆಟ್ಟಿನ ಜೋಡಿಗಳು, ಮಾದರಿ ಒಂದೇ ಆದರೂ, ಒಟ್ಟಿಗೆ ಪರೀಕ್ಷೆಯಾದವಲ್ಲ. 'ಬಯೋಸ್ ಅಪ್‌ಡೇಟ್ ಮಾಡಿದ್ರೆ ಸರಿ ಹೋಗುತ್ತೆ' ಎಂದು ಅಂಗಡಿಯವರು ಹೇಳಿಯಾರು. ಕೆಲವೊಮ್ಮೆ ಹೋಗುತ್ತದೆ, ಆದರೆ ನಾಲ್ಕಕ್ಕೂ 6000 ಬಂದೀತೆಂದು ನಂಬಿ ಕೂರಬೇಡಿ.

ಅಂಗಡಿ ಒಪ್ಪಿದರೆ ಹೊಸ ಜೋಡಿ ವಾಪಸ್ ಕೊಡಿ. 64 ಜಿಬಿ ಬೇಕೇ ಬೇಕಾದರೆ ಹಳೆಯದನ್ನು ಮಾರಿ, 32 ಜಿಬಿಯ ಎರಡರ ಒಂದೇ ಪ್ಯಾಕ್ ಕೊಳ್ಳಿ. ಸದ್ಯಕ್ಕೆ ಹಳೆಯ ಜೋಡಿಯನ್ನು A2, B2ರಲ್ಲಿ ಹಾಕಿ EXPO ಆನ್ ಮಾಡಿ. ನಿಲ್ಲದಿದ್ದರೆ ಪ್ರೊಫೈಲ್ ಹಾಗೇ ಇಟ್ಟು ವೇಗ ಮಾತ್ರ 5600ಕ್ಕೆ ಇಳಿಸಿ. ಎಡಿಟಿಂಗ್‌ನಲ್ಲಿ ಆ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ.

ವಿಂಡೋಸ್ ಬಂತೆಂದರೆ ಮುಗಿಯಲಿಲ್ಲ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ, ಒಂದೇ ತಪ್ಪು ತೋರಿಸಿದರೂ ವೇಗ ಇಳಿಸಿ. ರ‍್ಯಾಮ್ ಬಿಸಿಯಾದಷ್ಟೂ ತಪ್ಪು ಹೆಚ್ಚು. ಈಗ ಪಾಸಾದರೂ ನಿಮ್ಮೂರ ಏಪ್ರಿಲ್ ಬಿಸಿಲಲ್ಲಿ, ಮಧ್ಯಾಹ್ನದ ಹೊತ್ತು ಇನ್ನೊಮ್ಮೆ ಓಡಿಸಿ ನೋಡಿ.