ಲಾರಿ ಚೀಟಿಯ ಫೋಟೊ ಬಂದಾಗ

ಕುರ್ತಕೋಟಿಯಿಂದ ಯಶವಂತಪುರಕ್ಕೆ ಉಳ್ಳಾಗಡ್ಡಿ ಕಳಿಸಿದವರ ಮೊಬೈಲಿಗೆ ಲಾರಿ ಚೀಟಿಯ ಫೋಟೊ ಬರುತ್ತದೆ. ಕೊನೆಯ ಮೊತ್ತವನ್ನಷ್ಟೇ ನೋಡಿ ಸುಮ್ಮನಾಗಬೇಡಿ, ಮೊದಲು ತೂಕ ನೋಡಿ.

ಉದಾಹರಣೆಗೆ, 180 ಚೀಲ, ವೇಬ್ರಿಜ್ ಪ್ರಕಾರ ನಿವ್ವಳ 92.40 ಕ್ವಿಂಟಲ್, ದರ ಕ್ವಿಂಟಲಿಗೆ 150 ರೂಪಾಯಿ ಎಂದುಕೊಳ್ಳಿ. ಬಾಡಿಗೆ 13,860 ಆಗಬೇಕು. ಚೀಟಿಯಲ್ಲಿ 15,000 ಇದ್ದರೆ ‘ಚಾರ್ಜ್ಡ್ ವೇಟ್’ ಕಾಲಂ ಹುಡುಕಿ. ಅಲ್ಲಿ 100 ಕ್ವಿಂಟಲ್ ಬರೆದಿರಬಹುದು. ಲಾರಿ ಗೊತ್ತು ಮಾಡುವಾಗಲೇ ಕನಿಷ್ಠ 100 ಕ್ವಿಂಟಲಿಗೆ ಒಪ್ಪಿದ್ದರೆ ಅದು ಸರಿ. ಒಪ್ಪಿರದಿದ್ದರೆ 1,140 ರೂಪಾಯಿ ಹೆಚ್ಚಾಗಿದೆ, ಕೇಳಲೇಬೇಕು.

ಚುಕ್ಕೆ ಮಸುಕಾಗಿ 92.40 ಎಂಬುದು 9240 ಆಗಿ ಕಂಡರೆ ಅದು ಕಿಲೋ ಲೆಕ್ಕವೋ ಎಂದು ಅನುಮಾನ ಬರುತ್ತದೆ. ಕಿಲೋ ಆದರೂ ಅದು 92.40 ಕ್ವಿಂಟಲೇ, ಬಾಡಿಗೆ ಬದಲಾಗುವುದಿಲ್ಲ.

ಇನ್ನು ಹಮಾಲಿ. ಚೀಲಕ್ಕೆ 10ರಂತೆ 1,800 ಸೇರಿಸಿದ್ದಾರೆಯೇ? ಹೊಲದಲ್ಲೇ ಹಮಾಲರ ಕೈಗೆ ನೀವು ಕೊಟ್ಟಿದ್ದರೆ ಅದು ಚೀಟಿಯಲ್ಲಿ ಇರಬಾರದು. ಡ್ರೈವರಿಗೆ ಕೊಟ್ಟ 5,000 ಮುಂಗಡ ಬಾಡಿಗೆಯಿಂದ ಕಳೆದಿರಬೇಕು. ಬಾಕಿ ಬಾಡಿಗೆಯನ್ನು ದಲಾಲರು ಕೊಟ್ಟು ನಿಮ್ಮ ಪಟ್ಟಿಯಲ್ಲಿ ಹಿಡಿಯುವುದರಿಂದ, ಮುಂಗಡ ಬರೆಯದ ಚೀಟಿ ಅವರಿಗೆ ಮುಟ್ಟಿದರೆ ಆ 5,000 ಎರಡು ಸಲ ಹೋಗುತ್ತದೆ. ಲಾರಿ ಹೊರಡುವ ಮುಂಚೆಯೇ ಬರೆಸಿ, ನಾಲ್ಕೂ ಮೂಲೆ ಕಾಣುವಂತೆ ನೀವೇ ಫೋಟೊ ತೆಗೆದು ದಲಾಲರಿಗೆ ಕಳಿಸಿ.