ಮೊಬೈಲ್ ದುರಸ್ತಿ ರಸೀತಿಯಲ್ಲಿ ವಾರಂಟಿಯ ಒಕ್ಕಣೆ

ವಿಜಯನಗರದ ದುರಸ್ತಿ ಅಂಗಡಿಯೊಂದರಲ್ಲಿ ಡಿಸ್‌ಪ್ಲೇ ಬದಲಾಯಿಸಿಕೊಂಡ ಗ್ರಾಹಕರು, ಟಚ್ ಕೆಲಸ ಮಾಡುತ್ತಿಲ್ಲವೆಂದು 40ನೆಯ ದಿನ ಮರಳಿ ಬಂದರೆಂದು ಭಾವಿಸೋಣ. ರಸೀತಿಯಲ್ಲಿ ‘ಮೂರು ತಿಂಗಳ ವಾರಂಟಿ’ ಎಂದಷ್ಟೇ ಇದ್ದರೆ, ಇಡೀ ಫೋನಿಗೆ ಭರವಸೆಯಿದೆಯೆಂದು ಅವರು ತಿಳಿಯುವುದು ಸಹಜ. ಆದುದರಿಂದ ಒಕ್ಕಣೆ ಹೀಗಿರಲಿ:

“ನಾವು ಬದಲಾಯಿಸಿದ ಡಿಸ್‌ಪ್ಲೇ ಮತ್ತು ಅದರ ಜೋಡಣೆಗೆ ಮಾತ್ರ, ಫೋನ್ ಹಿಂದಿರುಗಿಸಿದ ದಿನದಿಂದ 90 ದಿನಗಳ ವಾರಂಟಿ ಇರುತ್ತದೆ. ಟಚ್ ನಿಂತರೆ, ಗೆರೆ ಮೂಡಿದರೆ, ಅಂಟು ಬಿಟ್ಟರೆ ಉಚಿತವಾಗಿ ಸರಿಪಡಿಸಲಾಗುವುದು. ಗಾಜು ಒಡೆದರೆ, ನೀರು ತಗುಲಿದರೆ, ಬೇರೆಡೆ ಬಿಚ್ಚಿಸಿದ್ದರೆ ಅನ್ವಯಿಸುವುದಿಲ್ಲ. ನಾವು ಬದಲಾಯಿಸದ ಬ್ಯಾಟರಿ ಮುಂತಾದ ಭಾಗಗಳು ಇದರಲ್ಲಿ ಸೇರಿರುವುದಿಲ್ಲ.”

ವ್ಯಾಜ್ಯ ಹುಟ್ಟುವುದು ನೀರಿನ ವಿಷಯದಲ್ಲಿ. ಅನೇಕ ಫೋನುಗಳ ಸಿಮ್ ಟ್ರೇಯ ಗೂಡಿನೊಳಗೆ ತೇವ ತಗುಲಿದರೆ ಬಿಳುಪಿನಿಂದ ಕೆಂಪಿಗೆ ತಿರುಗುವ ಪುಟ್ಟ ಗುರುತಿರುತ್ತದೆ. ಫೋನ್ ಸ್ವೀಕರಿಸುವಾಗಲೇ ಅದು ಕೆಂಪಾಗಿದ್ದರೆ ಮುಂದೆ ಅದರಿಂದ ಏನೂ ಸಿದ್ಧವಾಗದು. ಆದಕಾರಣ ಗ್ರಾಹಕರ ಎದುರಿನಲ್ಲೇ ನೋಡಿ, ಬಣ್ಣವನ್ನು ರಸೀತಿಯಲ್ಲಿ ಬರೆದು, ಅವರ ಸಹಿ ಪಡೆಯತಕ್ಕದ್ದು.

‘ವಾರಂಟಿ ಇಲ್ಲ’ ಎಂಬ ಮೊಹರನ್ನು ನೆಚ್ಚಿ ಕೂರುವಂತಿಲ್ಲ. ರಸೀತಿಯಲ್ಲಿ ಬರೆದ ಅವಧಿಯೊಳಗೆ, ಅವಧಿಯೇ ಇಲ್ಲದಿದ್ದರೆ 30 ದಿನಗಳೊಳಗೆ, ನ್ಯೂನ ಸೇವೆಯ ಹಣ ಹಿಂದಿರುಗಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ.

ಮೇಲಿನ ಪ್ರಸಂಗದಲ್ಲಿ ‘ಬಿಳಿ’ ಎಂದು ಬರೆದಿದ್ದ ಗುರುತು ಈಗ ಕೆಂಪಾಗಿದ್ದು, ಕನೆಕ್ಟರಿನಲ್ಲಿ ತುಕ್ಕೂ ಕಂಡರೆ, ಅದನ್ನು ಗ್ರಾಹಕರಿಗೆ ತೋರಿಸಿ ಶುಲ್ಕ ಕೇಳಬಹುದು. ಗುರುತು ಬಿಳಿಯಾಗಿಯೇ ಇದ್ದು ಗಾಜೂ ಸರಿಯಿದ್ದರೆ ಹೊಸ ಡಿಸ್‌ಪ್ಲೇ ಅಂಗಡಿಯ ವೆಚ್ಚದಲ್ಲೇ ಆಗಬೇಕು. ಬಿಡಿಭಾಗ ಒದಗಿಸಿದ ಸಗಟು ವರ್ತಕರ ಅವಧಿ ಅಷ್ಟರಲ್ಲಿ ಮುಗಿದಿದ್ದರೂ ಸರಿಯೆ.